ಊರೂರಲ್ಲಿರುವ ನೆಂಟರ ಅಳತೆ ತರಿಸಿ ಮದುವೆಗೆ ಒಂದೇ ಥರದ ಬಟ್ಟೆ ಹೊಲಿಸಬೇಕು, ಹೇಗೆ?

ಗಾಜನೂರು ಗಾಳಿ
ತಮ್ಮನ ಮದುವೆ ಶಿವಮೊಗ್ಗದಲ್ಲೇ ನಿಕ್ಕಿಯಾಗಿದೆ. ನಮ್ಮ ಕಡೆಯ ಹೆಂಗಸರಿಗೆಲ್ಲ ಒಂದೇ ಬಣ್ಣದ ರೇಷ್ಮೆ ಸೀರೆ, ಗಂಡಸರಿಗೆ ಒಂದೇ ಬಟ್ಟೆಯ ಕುರ್ತಾ ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಸೀರೆಗಳು ಬಂದಿವೆ. ಹೊಲಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.

ಅತ್ತಿಗೆ ಹೈದರಾಬಾದಿನಲ್ಲಿ, ಚಿಕ್ಕಮ್ಮ ಮುಂಬೈಯಲ್ಲಿ, ದೊಡ್ಡಪ್ಪನ ಮಕ್ಕಳು ಪುಣೆ ಮತ್ತು ಬೆಂಗಳೂರಿನಲ್ಲಿ, ಮಾವನ ಮಗ ಅಮೆರಿಕದಲ್ಲಿ. ಎಲ್ಲರೂ ಬರುವುದು ಮದುವೆಯ ಹಿಂದಿನ ದಿನ. ಹಾಕಿ ನೋಡಿ ಸರಿಮಾಡಿಸಲು ಹೊತ್ತೇ ಇಲ್ಲ. ಮನೆಯ ಗುಂಪಿನಲ್ಲಿ "ಎಲ್ಲರೂ ಸೈಜ್ ಕಳಿಸಿ" ಎಂದು ಹಾಕಿದ್ದಕ್ಕೆ ಬಂದ ಉತ್ತರಗಳು: "38", "ಎಂ", "ಭುಜ 36", "15½ / 33", "ನಿನ್ನಷ್ಟೇ ಇದ್ದೇನೆ ಕಣೇ", "ಹೋದ ಮದುವೆಯಲ್ಲಿ ಕೊಟ್ಟಿದ್ದೆನಲ್ಲ, ಅದೇ".

ಇದನ್ನು ಹಿಡಿದುಕೊಂಡು ಟೈಲರ್ ಹತ್ತಿರ ಹೋಗುವುದು ಹೇಗೆ? ಯಾರಾದರೂ ಹೀಗೆ ಹೊಲಿಸಿದ್ದರೆ ದಯವಿಟ್ಟು ಹೇಳಿ.

ತೀರ್ಥಹಳ್ಳಿ ಅಕ್ಕ
ಅಳತೆ ಗಿಳತೆ ಏನೂ ಬೇಡ ತಂಗೀ. ಒಬ್ಬೊಬ್ಬರೂ ತಮಗೆ ಸರಿಯಾಗಿ ಕೂರುವ ಒಂದು ಬ್ಲೌಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಲಿ. ಅಳತೆ ಬ್ಲೌಸ್ ಕೈಲಿದ್ದರೆ ಟೈಲರ್ ಅದನ್ನೇ ಇಟ್ಟು ಕತ್ತರಿಸುತ್ತಾರೆ. ನಮ್ಮ ಮನೆಯ ಎರಡು ಮದುವೆ ಹೀಗೇ ನಡೆದಿವೆ.

ಅಡಿಕೆ ತೋಟ
ಗಂಡಸರಿಗೆ ಕುರ್ತಾ ಯಾಕೆ ಮಾರಾಯ್ರೇ? ಪಂಚೆ, ಶಲ್ಯ ಕೊಡಿ. ಅಳತೆಯ ತಂಟೆಯೇ ಇಲ್ಲ. ಮಲೆನಾಡಿನ ಮದುವೆಗೆ ಅದಕ್ಕಿಂತ ಲಕ್ಷಣವಾದದ್ದು ಯಾವುದಿದೆ?

ಗಾಜನೂರು ಗಾಳಿ
ಧಾರೆಗೆ ಪಂಚೆಯೇ. ಕುರ್ತಾ ಆರತಕ್ಷತೆಗೆ. ಹುಡುಗರು ಬಟ್ಟೆಯನ್ನೂ ಆರಿಸಿ ಆಗಿದೆ, ಈಗ ಬಿಡುವುದಿಲ್ಲ.

ಸೂಜಿ ದಾರ
ನಾನು ಶಿವಮೊಗ್ಗದಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡವನು. ಮದುವೆ ಕಾಲದಲ್ಲಿ ಇಂಥ ಚೀಟಿಗಳು ನನ್ನ ಕೈಗೆ ತುಂಬಾ ಬರುತ್ತವೆ.

ನೀವು "ಸೈಜ್" ಎಂದು ಕೇಳಿದ್ದೇ ತೊಂದರೆ. ಸೈಜ್ ಎಂದರೆ ಒಬ್ಬರು ಮೈಯಳತೆ ಕೊಡುತ್ತಾರೆ, ಇನ್ನೊಬ್ಬರು ಬಟ್ಟೆಯ ಅಳತೆ ಕೊಡುತ್ತಾರೆ, ಮೂರನೆಯವರು ಅಂಗಡಿಯ ಚೀಟಿ ಮೇಲಿದ್ದ ನಂಬರ್ ಕೊಡುತ್ತಾರೆ. ಮೂರೂ ಬೇರೆ ಬೇರೆ. ಎದೆ 40 ಇಂಚು ಇರುವ ಗಂಡಸಿಗೆ ಕುರ್ತಾ 44ರ ಹತ್ತಿರ ಇರಬೇಕು, ಇಲ್ಲದಿದ್ದರೆ ಕೂತು ಊಟ ಮಾಡುವುದಕ್ಕೂ ಆಗುವುದಿಲ್ಲ. ಬ್ಲೌಸಿಗೆ ಒಂದು ಇಂಚು ಸಡಿಲ ಸಾಕು. ಚೀಟಿಯಲ್ಲಿ ಬರೀ "40" ಎಂದಿದ್ದರೆ ನಾನು ಅದಕ್ಕೆ ನಾಲ್ಕು ಸೇರಿಸಬೇಕೋ ಬಿಡಬೇಕೋ, ಹೇಗೆ ತಿಳಿಯಬೇಕು?

ಹಾಗಾಗಿ ಎಲ್ಲರಿಗೂ ಒಂದೇ ಮಾತು ಹೇಳಿ: ಮೈ ಅಳೆಯಬೇಡಿ, ಚೆನ್ನಾಗಿ ಕೂರುವ ಬಟ್ಟೆಯನ್ನು ಅಳೆಯಿರಿ. ತಮ್ಮ ಮೈಯನ್ನು ತಾವೇ ಅಳೆದರೆ ಬೆನ್ನ ಹಿಂದೆ ಟೇಪು ಜಾರಿರುತ್ತದೆ. ಹೊಟ್ಟೆ ಒಳಗೆ ಎಳೆದುಕೊಂಡಿರುತ್ತಾರೆ. ಮೇಜಿನ ಮೇಲಿರುವ ಬಟ್ಟೆ ಹೊಟ್ಟೆ ಎಳೆದುಕೊಳ್ಳುವುದಿಲ್ಲ.

ಭದ್ರಾ ನಾಲೆ
ಗಂಡಸರ ವಿಷಯ ಇಷ್ಟು ಕಷ್ಟ ಇಲ್ಲ. ಎಲ್ಲರಿಗೂ ಅವರ ಫಾರ್ಮಲ್ ಶರ್ಟಿನ ನಂಬರ್ ಗೊತ್ತಿರುತ್ತದೆ. 40 ಎಂದರೆ ಎದೆ 40. ಅದನ್ನೇ ಕೇಳಿ ತೆಗೆದುಕೊಳ್ಳಿ.

ಸೂಜಿ ದಾರ
ಅರ್ಧ ಸರಿ. ನಂಬರ್ ಎಲ್ಲರಿಗೂ ಗೊತ್ತಿರುತ್ತದೆ ಎನ್ನುವುದು ನಿಜ. ಆದರೆ ಫಾರ್ಮಲ್ ಶರ್ಟಿನ 39, 40, 42 ಎಂಬ ನಂಬರ್ ಬಹಳ ಕಡೆ ಕಾಲರಿನ ಅಳತೆ, ಅದೂ ಸೆಂಟಿಮೀಟರಿನಲ್ಲಿ. 40ರ ಶರ್ಟ್ ಹಾಕುವವನ ಎದೆಯೂ ಸುಮಾರು 40 ಇಂಚು ಇರುವುದುಂಟು, ಅದಕ್ಕೇ ಜನ ಅದನ್ನು ಎದೆ ಎಂದುಕೊಳ್ಳುತ್ತಾರೆ. ಕತ್ತು ದಪ್ಪ, ಎದೆ ಸಣ್ಣ ಇರುವವನಿಗೆ ಈ ಲೆಕ್ಕ ಕೈಕೊಡುತ್ತದೆ. ಹೊಟ್ಟೆ ಬಂದವನಿಗಂತೂ ಅದರಿಂದ ಏನೂ ಗೊತ್ತಾಗುವುದಿಲ್ಲ, ಕುರ್ತಾ ಬಿಗಿಯುವುದು ಹೊಟ್ಟೆಯಲ್ಲಿ.

ಭದ್ರಾ ನಾಲೆ
ನಾನು ಹಾಕುವ ಶರ್ಟಿನ ಮೇಲೆ 42 ಇದೆ, ಎದೆಯೂ 42 ಇದೆ. ನನಗೆ ಸರಿಯಾಗಿಯೇ ಬರುತ್ತಿದೆಯಲ್ಲ.

ಸೂಜಿ ದಾರ
ನಿಮಗೆ ಸರಿ ಬರುತ್ತದೆ. ಇವರಿಗೆ ಏಳೆಂಟು ಜನರಿಗೆ ಬರಬೇಕು.

ನ್ಯೂಜೆರ್ಸಿ ಮಲೆನಾಡಿಗ
ಆ "15½ / 33" ಅಮೆರಿಕದ ಮಾವನ ಮಗನದ್ದೇ ಇರಬೇಕು. ಇಲ್ಲಿನ ಶರ್ಟಿನ ಮೇಲೆ ಎರಡು ನಂಬರ್ ಇರುತ್ತವೆ. ಮೊದಲನೆಯದು ಕಾಲರ್, ಇಂಚಿನಲ್ಲಿ. ಎರಡನೆಯದು ತೋಳು. ಆದರೆ ಇಲ್ಲಿ ತೋಳನ್ನು ಭುಜದ ಹೊಲಿಗೆಯಿಂದ ಅಳೆಯುವುದಿಲ್ಲ. ಕತ್ತಿನ ಹಿಂದೆ, ಬೆನ್ನಿನ ನಡುವಿನಿಂದ ಶುರುಮಾಡಿ ಭುಜದ ಮೇಲೆ ಹಾದು ಮಣಿಕಟ್ಟಿನವರೆಗೆ ಅಳೆಯುತ್ತಾರೆ. ನಮ್ಮೂರಿನ ಟೈಲರಿಗೆ "ತೋಳು 33" ಎಂದು ಕೊಟ್ಟರೆ ಏನಾಗುತ್ತದೆ ಯೋಚಿಸಿ.

ಸೂಜಿ ದಾರ
ಒಳ್ಳೆಯದನ್ನು ಹೇಳಿದಿರಿ. ಅವರ ಭುಜ ಹೊಲಿಗೆಯಿಂದ ಹೊಲಿಗೆಗೆ 18 ಇಂಚು ಎಂದಿಟ್ಟುಕೊಳ್ಳಿ. ಅರ್ಧ 9. 33ರಲ್ಲಿ 9 ಕಳೆದರೆ 24. ನನಗೆ ಬೇಕಾದ ತೋಳು ಆ 24. ಆದರೂ ಲೆಕ್ಕ ಹಾಕಿ ಕತ್ತರಿಸುವುದಕ್ಕಿಂತ ಅವರ ಬಳಿ ಇರುವ ಒಂದು ಕುರ್ತಾ ಅಳೆಯಲು ಹೇಳಿ. ಎದೆ, ಹೊಟ್ಟೆಯ ಮಟ್ಟ, ಭುಜ, ತೋಳು, ಉದ್ದ, ಕಾಲರ್ ಇಷ್ಟು ಸಾಕು. ಶರ್ಟ್ ಅಳೆದರೆ ಉದ್ದ ಸಿಗುವುದಿಲ್ಲ.

"ಭುಜ 36" ಎಂದವರು ಸೆಂಟಿಮೀಟರಿನಲ್ಲಿ ಕೊಟ್ಟಿದ್ದಾರೆ. 36 ಇಂಚಿನ ಭುಜ ಯಾರಿಗೂ ಇರುವುದಿಲ್ಲ. ಇಂಚಿಗೆ ತಂದರೆ 14 ಚಿಲ್ಲರೆ. ಅವರ ಉಳಿದ ಅಳತೆಗಳೂ ಸೆಂಟಿಮೀಟರೇ ಆಗಿರುತ್ತವೆ, ಒಂದೊಂದನ್ನೂ ನೋಡಿಕೊಳ್ಳಿ.

ಸಾಗರ ಜಂಬಗಾರು
ಸೀರೆ ಎಲ್ಲಿ ತಗೊಂಡಿರಿ? ಒಟ್ಟಿಗೆ ತಗೊಂಡರೆ ಬೆಲೆ ಕಡಿಮೆ ಮಾಡಿದರಾ? ನಮಗೂ ಮುಂದಿನ ವರ್ಷ ಇದೆ.

ಗಾಜನೂರು ಗಾಳಿ
@ಸಾಗರ ಜಂಬಗಾರು ಅದನ್ನು ಬೇರೆಯಾಗಿ ಹೇಳುತ್ತೇನೆ, ಇಲ್ಲಿ ಬ್ಲೌಸಿನ ಮಾತು ಮುಗಿಯಲಿ.

@ತೀರ್ಥಹಳ್ಳಿ ಅಕ್ಕ ಬೆಂಗಳೂರಿನವರು ಬ್ಲೌಸ್ ಕಳಿಸಲು ಒಪ್ಪಿದರು. ಅತ್ತಿಗೆ ಮಾತ್ರ "ಚೆನ್ನಾಗಿ ಕೂರುವುದು ಇರುವುದೇ ಒಂದು, ಅದನ್ನು ಕಳಿಸಿದರೆ ಇಲ್ಲಿನ ಗೃಹಪ್ರವೇಶಕ್ಕೆ ಏನು ಹಾಕಲಿ" ಎನ್ನುತ್ತಾರೆ. ಅವರದನ್ನು ಅಳತೆಯಲ್ಲೇ ಹೊಲಿಸಬೇಕು.

ತೀರ್ಥಹಳ್ಳಿ ಅಕ್ಕ
ಹಾಗಿದ್ದರೆ ಬ್ಲೌಸಿಗೆ ಹುಕ್ಸ್ ಹಾಕಿ ಮೇಜಿನ ಮೇಲೆ ಹರಡಲಿ. ಒಂದು ಕಂಕುಳಿಂದ ಇನ್ನೊಂದು ಕಂಕುಳಿಗೆ ಅಳೆದು ಎರಡರಿಂದ ಗುಣಿಸಿದರೆ ಎದೆ ಸುತ್ತು ಬಂತು. ಸುಲಭ.

ಸೂಜಿ ದಾರ
ಕುರ್ತಾಗೆ ಅದು ಸರಿ. ಬ್ಲೌಸಿಗೆ ಬೇಡ ಅಕ್ಕ. ಮುಂಭಾಗದಲ್ಲಿ ಟಕ್ಸ್ ಇರುತ್ತದೆ, ಅಲ್ಲಿ ಬಟ್ಟೆ ಉಬ್ಬಿರುತ್ತದೆ. ಹಿಂಭಾಗ ಚಪ್ಪಟೆ. ಹಿಂದೆ ಅಳೆದು ಎರಡು ಪಟ್ಟು ಮಾಡಿದರೆ ಬಿಗಿಯಾದ ಬ್ಲೌಸ್ ಸಿಗುತ್ತದೆ. ಹಿಂಭಾಗವನ್ನು ಬದಿ ಹೊಲಿಗೆಯಿಂದ ಬದಿ ಹೊಲಿಗೆಗೆ ಒಂದು ಸಲ ಅಳೆಯಬೇಕು. ಮುಂಭಾಗವನ್ನು, ಉಬ್ಬಿನ ಮೇಲೆ ಟೇಪನ್ನು ಮೆಲ್ಲಗೆ ಹಾಯಿಸಿ, ಬೇರೆ ಅಳೆಯಬೇಕು. ಆಮೇಲೆ ಎರಡನ್ನೂ ಕೂಡಿಸಬೇಕು.

ತೀರ್ಥಹಳ್ಳಿ ಅಕ್ಕ
ಒಪ್ಪಿದೆ. ನಾನು ಯಾವಾಗಲೂ ಬ್ಲೌಸೇ ಕೊಟ್ಟವಳು. ಅದಕ್ಕೇ ಹೇಳುವುದು, ಬ್ಲೌಸೇ ಕಳಿಸಿ ಎಂದು. ಕಂಕುಳ ಹತ್ತಿರದ ತಿರುವನ್ನು ಯಾವ ನಂಬರೂ ಹೇಳುವುದಿಲ್ಲ.

ಸೂಜಿ ದಾರ
ಅದು ನೂರಕ್ಕೆ ನೂರು ನಿಜ. ಬಟ್ಟೆ ಬಂದರೆ ಬಟ್ಟೆಯೇ ಮೇಲು. ಆದರೆ ಎಳೆದರೆ ಹಿಗ್ಗುವ ಸ್ಟ್ರೆಚ್ ಬ್ಲೌಸ್ ಕಳಿಸಬಾರದು. ಅದೇ ಅಳತೆಗೆ ರೇಷ್ಮೆ ಹೊಲಿದರೆ ಹುಕ್ಸ್ ಕೂಡುವುದಿಲ್ಲ.

ಗಾಜನೂರು ಗಾಳಿ
ಅತ್ತಿಗೆ ಕೂತು ಅಳೆದು ಕಳಿಸಿದ್ದಾರೆ. ಅವರೇ ಇಲ್ಲಿ ಹಾಕು ಎಂದರು, ಹಾಕುತ್ತಿದ್ದೇನೆ. ಹಿಂಭಾಗ 17, ಮುಂಭಾಗ 19½. ಕೆಳಗಿನ ಪಟ್ಟಿ ಸುತ್ತ 31. ಭುಜ 14. ಉದ್ದ 14½. ತೋಳು 9, ತೋಳಿನ ಕೊನೆಯ ಸುತ್ತು 11. ಕತ್ತು ಮುಂದೆ 7, ಹಿಂದೆ 9. ಎಲ್ಲ ಇಂಚಿನಲ್ಲಿ.

ಆದರೆ ಮೊದಲು "38" ಎಂದಿದ್ದರಲ್ಲ. ಕೂಡಿಸಿದರೆ 36½ ಬರುತ್ತಿದೆ. ಯಾವುದನ್ನು ನಂಬಲಿ?

ಸೂಜಿ ದಾರ
ಆ ಬ್ಲೌಸ್ ರೆಡಿಮೇಡ್ ಇರಬೇಕು. ಒಳಗೆ ತಿರುಗಿಸಿ ಬದಿಯಲ್ಲಿ ಎಷ್ಟು ಸಾಲು ಹೊಲಿಗೆ ಇದೆ ಎಂದು ನೋಡಲು ಹೇಳಿ.

ಗಾಜನೂರು ಗಾಳಿ
ಎರಡು ಸಾಲು ಇದೆಯಂತೆ. ಹೌದು, ಅಂಗಡಿಯಲ್ಲಿ ತಗೊಂಡಿದ್ದು. ಸಡಿಲ ಆಯಿತು ಎಂದು ಅಲ್ಲೇ ಪಕ್ಕದ ಟೈಲರ್ ಹತ್ತಿರ ಹಿಡಿಸಿದ್ದರಂತೆ.

ಸೂಜಿ ದಾರ
ಅಲ್ಲಿಗೆ ಸಿಕ್ಕಿತು. ಚೀಟಿಯಲ್ಲಿ 38 ಇತ್ತು, ಹಿಡಿಸಿದ ಮೇಲೆ ಬ್ಲೌಸ್ 36½ ಆಯಿತು, ಚೀಟಿ ಹಾಗೇ ಉಳಿಯಿತು. ಅವರು 38 ಎಂದದ್ದನ್ನು ಮೈಯಳತೆ ಎಂದುಕೊಂಡು ಒಂದು ಇಂಚು ಸೇರಿಸಿದ್ದರೆ 39ಕ್ಕೆ ಕತ್ತರಿಸುತ್ತಿದ್ದೆ. ಎರಡೂವರೆ ಇಂಚು ಜಾಸ್ತಿ. ಕಂಕುಳ ಹತ್ತಿರ ನೆರಿಗೆ ಬೀಳುತ್ತದೆ, ಭುಜ ಜಾರುತ್ತದೆ, ಹಿಂದೆ ಕತ್ತು ಬಾಯಿ ಬಿಡುತ್ತದೆ. ಹಿಂದಿನ ಕತ್ತು 9 ಇಂಚು ಆಳ ಬೇರೆ.

ಈಗ 36½ಕ್ಕೆ ಏನೂ ಸೇರಿಸುವ ಹಾಗಿಲ್ಲ, ಅದರಲ್ಲಿ ಸಡಿಲ ಆಗಲೇ ಸೇರಿದೆ. ಇನ್ನು ಒಂದೇ ಅಳತೆ ಬೇಕು. ಭುಜದ ಹೊಲಿಗೆಯಿಂದ ಟಕ್ಸಿನ ತುದಿಗೆ ಎಷ್ಟು? ಅದು ಅರ್ಧ ಇಂಚು ಮೇಲೆ ಕೆಳಗೆ ಆದರೂ ಬ್ಲೌಸ್ ಬೇರೆಯವರದ್ದರ ಹಾಗೆ ಕಾಣುತ್ತದೆ.

ಮುಂಬೈ ಕನ್ನಡತಿ
ಒಂದು ಮಾತು ಹೇಳಬೇಕು. ಮಾವ, ಭಾವ, ಮೈದುನ ಎಲ್ಲರೂ ಇರುವ ಗುಂಪಿನಲ್ಲಿ ಎದೆ ಸುತ್ತು ಕೇಳಿದರೆ ಹೆಂಗಸರು "ಎಂ" ಎಂದಷ್ಟೇ ಬರೆಯುತ್ತಾರೆ. ಸಂಕೋಚ ಇರುತ್ತದೆ. ಕೆಲವರು ಒಂದೆರಡು ಇಂಚು ಕಡಿಮೆಯೇ ಬರೆಯುತ್ತಾರೆ. ನಮ್ಮ ಮನೆಯ ಮದುವೆಯಲ್ಲಿ ಹಾಗೇ ಆಗಿ ಅತ್ತೆ ಛತ್ರದಲ್ಲಿ ಬೇರೆ ಬ್ಲೌಸ್ ಹಾಕಿಕೊಂಡರು, ತುಂಬಾ ನೊಂದುಕೊಂಡರು. ಒಬ್ಬೊಬ್ಬರಿಗೂ ಫೋನ್ ಮಾಡಿ, ನಿಮಗೆ ಒಬ್ಬರಿಗೇ ಕಳಿಸಲು ಹೇಳಿ. ಟೈಲರಿಗೆ ಕೊಡುವ ಚೀಟಿಯ ಮೇಲೂ ಹೆಸರಿನ ಬದಲು ಗುರುತು ಹಾಕಿ.

ಸೂಜಿ ದಾರ
ಗುರುತು ಹಾಕಿ, ಆದರೆ ಅದೇ ಗುರುತು ಬ್ಲೌಸ್ ಕಣದ ಮೇಲೂ ಇರಲಿ. ಸೀರೆ ಎಲ್ಲ ಒಂದೇ ಬಣ್ಣ. ಕಣ ಅದಲುಬದಲಾದರೆ ಯಾರಿಗೂ ತಿಳಿಯುವುದಿಲ್ಲ.

ಗಾಜನೂರು ಗಾಳಿ
@ಮುಂಬೈ ಕನ್ನಡತಿ ನೀವು ಹೇಳಿದ್ದು ನಿಜ. ಇವತ್ತೇ ಒಬ್ಬೊಬ್ಬರಿಗೂ ಫೋನ್ ಮಾಡುತ್ತೇನೆ.

ಕೊಪ್ಪದ ಕೂಸು
ಟೇಪಿನ ಬಗ್ಗೆ ಯಾರೂ ಹೇಳಲಿಲ್ಲ. ಹಳೆಯ ಬಟ್ಟೆ ಟೇಪು ಎಳೆದು ಎಳೆದು ಉದ್ದವಾಗಿರುತ್ತದೆ. ಆಗ ಅಳತೆ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ನಾನು ಎಲ್ಲರಿಗೂ ಮೊದಲು ಒಂದು ಎ4 ಹಾಳೆ ಅಳೆಯಲು ಹೇಳುತ್ತೇನೆ. ಉದ್ದ ಬದಿ 29.7 ಸೆಂಟಿಮೀಟರ್ ಬರಬೇಕು, ಇಂಚಿನಲ್ಲಿ 11¾ಕ್ಕೆ ಒಂದು ಕೂದಲೆಳೆ ಕಡಿಮೆ. ಬರದಿದ್ದರೆ ಆ ಟೇಪು ಬಿಸಾಕಿ.

ಗಾಜನೂರು ಗಾಳಿ
ಇದು ಒಳ್ಳೆಯ ಉಪಾಯ. ಎಲ್ಲರಿಗೂ ಹೇಳಿದೆ. ಮಾವನ ಮಗನಿಗೆ ಮಾತ್ರ ಸರಿಯಾಗಿ 11 ಬಂತಂತೆ! ಮುಕ್ಕಾಲು ಇಂಚು ವ್ಯತ್ಯಾಸ. ಟೇಪೇ ಕೆಟ್ಟಿದೆ ಎನ್ನುತ್ತಿದ್ದಾನೆ.

ನ್ಯೂಜೆರ್ಸಿ ಮಲೆನಾಡಿಗ
ಟೇಪು ಸರಿಯಾಗಿದೆ. ಹಾಳೆ ಬೇರೆ. ಇಲ್ಲಿ ಎ4 ಬಳಸುವುದಿಲ್ಲ, ಲೆಟರ್ ಹಾಳೆ, ಅದು ಎಂಟೂವರೆಗೆ 11 ಇಂಚು. ಅವನಿಗೆ 11 ಬಂದಿದ್ದರೆ ಟೇಪು ಅಚ್ಚುಕಟ್ಟಾಗಿದೆ.

ಕೊಪ್ಪದ ಕೂಸು
ಓ, ಅದು ನನಗೆ ಗೊತ್ತಿರಲಿಲ್ಲ!

ಹೊಸನಗರ ಹೊಳೆ
ನನ್ನ ಅನುಭವ ಹೇಳುತ್ತೇನೆ. ಎಷ್ಟು ಅಳತೆ ತಗೊಂಡರೂ ಹೆಚ್ಚುಕಡಿಮೆ ಆಗುತ್ತದೆ. ಟೈಲರಿಗೆ ಬಿಗಿಯಾಗಿಯೇ ಹೊಲಿಯಲು ಹೇಳಿ ಒಳಗೆ ಬಟ್ಟೆ ಜಾಸ್ತಿ ಬಿಡಿಸಿ. ಬೇಕಾದರೆ ಛತ್ರದಲ್ಲೇ ಒಂದು ಹೊಲಿಗೆ ಬಿಚ್ಚಿದರಾಯಿತು. ಬದಿ ಹೊಲಿಗೆಯ ಒಂದೊಂದು ಅಂಚಿಗೂ ಒಂದು ಇಂಚು ಇರಲಿ. ಎರಡು ಬದಿ, ನಾಲ್ಕು ಅಂಚು. ಒಂದೊಂದರಲ್ಲಿ ಅರ್ಧ ಇಂಚು ಬಿಚ್ಚಿದರೂ ಸುತ್ತಳತೆ ಎರಡು ಇಂಚು ಹೆಚ್ಚುತ್ತದೆ.

ಸೂಜಿ ದಾರ
ಲೆಕ್ಕ ಸರಿ. ಆದರೆ ರೇಷ್ಮೆಗೆ ಈ ದಾರಿ ಬೇಡ ಎನ್ನುತ್ತೇನೆ. ರೇಷ್ಮೆಯಲ್ಲಿ, ಅದರಲ್ಲೂ ಜರಿ ತುಂಬಿದ್ದರಲ್ಲಿ, ಹೊಲಿಗೆ ಬಿಚ್ಚಿದ ಜಾಗದಲ್ಲಿ ಸೂಜಿ ತೂತುಗಳ ಸಾಲು ಹಾಗೇ ಉಳಿಯುತ್ತದೆ. ಬದಿಯಲ್ಲಿದ್ದರೂ ಕೈ ಎತ್ತಿದಾಗ ಕಾಣುತ್ತದೆ. ನಾನು ಅರ್ಧ ಇಂಚು ಸಡಿಲ ಹೊಲಿಯುತ್ತೇನೆ. ಸಡಿಲವಾದರೆ ಒಳಗೆ ಹಿಡಿಯಬಹುದು, ಗುರುತು ಒಳಗೇ ಉಳಿಯುತ್ತದೆ.

ಹೊಸನಗರ ಹೊಳೆ
ಹಿಡಿಯಲು ಛತ್ರದಲ್ಲಿ ಮಷಿನ್ ಬೇಕಲ್ಲ? ಬಿಚ್ಚಲು ಒಂದು ಬ್ಲೇಡ್ ಸಾಕು. ಹಿಂದಿನ ದಿನ ಸಂಜೆ ಬಂದವರಿಗೆ ಯಾವ ಅಂಗಡಿ ತೆರೆದಿರುತ್ತದೆ? ತೂತಿನ ಗುರುತನ್ನು ಸೆರಗು ಮುಚ್ಚುತ್ತದೆ.

ತೀರ್ಥಹಳ್ಳಿ ಅಕ್ಕ
ಎಡಗಡೆ ಸೆರಗು ಮುಚ್ಚುತ್ತದೆ, ಬಲಗಡೆ?

ಸೂಜಿ ದಾರ
ಕೈಹೊಲಿಗೆಯಲ್ಲೂ ಹಿಡಿಯಬಹುದು, ಹತ್ತು ನಿಮಿಷದ ಕೆಲಸ. ಇನ್ನು ನಿಮ್ಮ ಇಷ್ಟ. ಯಾವುದಾದರೂ ಸರಿ, ಒಳಗಿನ ಆ ಒಂದು ಇಂಚನ್ನು ಮಾತ್ರ ಯಾರೂ ಕತ್ತರಿಸಿ ಬಿಸಾಡಬಾರದು. ಲೈನಿಂಗಿಗೂ ಅಷ್ಟೇ ಬಿಡಬೇಕು. ರೇಷ್ಮೆಯಲ್ಲಿ ಬಿಟ್ಟು ಲೈನಿಂಗಿನಲ್ಲಿ ಬಿಡದಿದ್ದರೆ ಬಿಚ್ಚಿ ಏನು ಪ್ರಯೋಜನ? ಹತ್ತಿ ಲೈನಿಂಗನ್ನು ಹೊಲಿಯುವ ಮೊದಲು ನೀರಿಗೆ ಹಾಕಿ ಒಣಗಿಸಿರಬೇಕು, ಕೇಳಿ ನೋಡಿ.

ಸೊರಬದ ಸೊಸೆ
ಪುಣೆಯ ತಂಗಿಗೆ ಸಣ್ಣ ಮಗು ಇದೆಯಾ? ನನ್ನ ತಂಗಿ ಮದುವೆಗೆ ನಾನು ಬಾಣಂತಿ. ಮೊದಲೇ ಕೊಟ್ಟ ಅಳತೆ ಒಂದೂ ಹೊಂದಲಿಲ್ಲ. ಹಾಲುಣಿಸುವವರ ಮೈ ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ. ಅಂಥವರಿದ್ದರೆ ಅವರದನ್ನು ಕೊನೆಗೆ ಹೊಲಿಸಿ. ಹುಕ್ಸ್ ಮುಂದೆಯೇ ಇರಲಿ. ಎಲ್ಲರಿಗೂ ಹಿಂದೆ ಹುಕ್ಸ್ ಎಂದು ಅವರಿಗೂ ಹಾಗೇ ಹೊಲಿಸಿದರೆ ಮಗುವಿಗೆ ಹಾಲು ಕೊಡುವುದು ಹೇಗೆ?

ಗಾಜನೂರು ಗಾಳಿ
ಪುಣೆಯವಳಿಗೆ ಇಲ್ಲ, ಬೆಂಗಳೂರಿನವಳಿಗೆ ಈಗ ಏಳನೇ ತಿಂಗಳು. ಮದುವೆಯ ಹೊತ್ತಿಗೆ ಹೆರಿಗೆಯಾಗಿರುತ್ತದೆ. ಅವಳದ್ದೇನು ಮಾಡಲಿ ಎಂದು ನಾನೂ ಯೋಚಿಸುತ್ತಿದ್ದೆ. ಅವಳು ಕಳಿಸುತ್ತೇನೆ ಎಂದದ್ದು ಹಳೆಯ ಬ್ಲೌಸ್, ಬಸುರಿಯಾಗುವ ಮೊದಲಿನದು.

ಸೊರಬದ ಸೊಸೆ
ಅದು ಬೇಡ. ಭುಜ ಮತ್ತು ಕತ್ತಿಗೆ ಅದನ್ನು ಇಟ್ಟುಕೊಳ್ಳಿ, ಅವು ಅಷ್ಟಾಗಿ ಬದಲಾಗುವುದಿಲ್ಲ. ಎದೆ ಮತ್ತು ತೋಳಿನ ಸುತ್ತಿಗೆ ಹೆರಿಗೆಯ ನಂತರ ಹೊಸದಾಗಿ ಅಳೆಸಿ. ಕಣವನ್ನು ಅವಳಿಗೇ ಕಳಿಸಿ ಬೆಂಗಳೂರಿನಲ್ಲೇ ಹೊಲಿಸಿಕೊಳ್ಳಲು ಹೇಳುವುದು ಇನ್ನೂ ಒಳ್ಳೆಯದು. ಕತ್ತಿನ ಆಕಾರದ ಫೋಟೋ ಕಳಿಸಿದರೆ ಎಲ್ಲರದ್ದರ ಹಾಗೇ ಬರುತ್ತದೆ.

ಶಿಕಾರಿಪುರ ಸೀರೆ
ಕಣದ ಮಾತು ಬಂತಲ್ಲ. ಸೀರೆಯ ಜೊತೆ ಬರುವ ಬ್ಲೌಸ್ ಕಣ ಸಾಮಾನ್ಯವಾಗಿ 80 ಸೆಂಟಿಮೀಟರ್. ಮೈಕೈ ತುಂಬಿಕೊಂಡವರಿಗೆ ಮೊಳಕೈವರೆಗಿನ ತೋಳು ಇಟ್ಟರೆ ಅದು ಸಾಲುವುದಿಲ್ಲ. ಎಲ್ಲರಿಗೂ ಉದ್ದ ತೋಳು ಎಂದು ತೀರ್ಮಾನ ಮಾಡುವ ಮೊದಲು ಎಲ್ಲರಿಗಿಂತ ದೊಡ್ಡ ಅಳತೆಯವರ ಕಣ ಸಾಲುತ್ತದಾ ಎಂದು ಟೈಲರಿಗೆ ತೋರಿಸಿ. ಕತ್ತರಿ ಬಿದ್ದ ಮೇಲೆ ಅವರೊಬ್ಬರಿಗೆ ಗಿಡ್ಡ ತೋಳು ಎಂದರೆ ಅವರಿಗೆ ಬೇಸರ ಆಗುತ್ತದೆ.

ಗಾಜನೂರು ಗಾಳಿ
ಚಿಕ್ಕಮ್ಮನದು ಹಿಂದೆ ಮುಂದೆ ಸೇರಿ 43. ಉದ್ದ ತೋಳೇ ಬೇಕು ಎಂದು ಮೊದಲು ಹೇಳಿದವರೂ ಅವರೇ.

ಸೂಜಿ ದಾರ
43ಕ್ಕೆ 80 ಸೆಂಟಿಮೀಟರಿನಲ್ಲಿ ಮೊಳಕೈ ತೋಳು ಕಷ್ಟ. ಕಂಕುಳಲ್ಲಿ ತುಂಡು ಸೇರಿಸಿ ಮಾಡಬಹುದು, ಆದರೆ ಅಂಚಿನ ಪಟ್ಟಿ ತೋಳಿಗೆ ಕೂರಿಸಬೇಕು ಎಂದರೆ ಅದೂ ಆಗಲಿಕ್ಕಿಲ್ಲ. ಕಣದ ಪನ್ನ ನೋಡದೆ ಖಚಿತವಾಗಿ ಹೇಳಲಾರೆ. ಎಲ್ಲರಿಗೂ 9 ಇಂಚಿನ ತೋಳು ಇಟ್ಟರೆ ನಿಶ್ಚಿಂತೆ. ಅತ್ತಿಗೆಯ ಬ್ಲೌಸೂ 9 ಇದೆಯಲ್ಲ.

ತೀರ್ಥಹಳ್ಳಿ ಅಕ್ಕ
ಮಗ್ಗದ ಅಂಗಡಿಯಲ್ಲಿ ಕೇಳಿದರೆ ಅದೇ ಬಣ್ಣದ ಬೇರೆ ಕಣ ಸಿಗುತ್ತದೆ. ಚಿಕ್ಕಮ್ಮನ ಆಸೆ ಯಾಕೆ ಕೆಡಿಸುವುದು?

ಶಿಕಾರಿಪುರ ಸೀರೆ
ಬೇರೆ ಬಣ್ಣದ ಪಾಕದ್ದಾದರೆ ಬಿಸಿಲಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ ಅಕ್ಕ. ಅಂಗಡಿ ದೀಪದಲ್ಲಿ ಒಂದೇ ಎನಿಸುತ್ತದೆ. ಸೀರೆ ಜೊತೆಗೇ ಒಯ್ದು ಹೊರಗೆ ಬೆಳಕಿಗೆ ಹಿಡಿದು ನೋಡಿ. ಕುರ್ತಾ ಬಟ್ಟೆಗೂ ಇದೇ ಮಾತು, ಎಲ್ಲರದ್ದೂ ಒಂದೇ ತಾನಿನಿಂದ ಕತ್ತರಿಸಿರಬೇಕು. ಇನ್ನೂ ತಗೊಂಡಿಲ್ಲವಾದರೆ ತಲೆಗೆ ಎರಡೂವರೆ ಮೀಟರ್ ಲೆಕ್ಕ ಹಾಕಿ, ಎತ್ತರದವರಿದ್ದರೆ ಮೂರು.

ಅಡಿಕೆ ತೋಟ
ಪಂಚೆಗೆ ಈ ಯಾವ ಲೆಕ್ಕವೂ ಇಲ್ಲ ಎಂದು ಮತ್ತೆ ಹೇಳುತ್ತೇನೆ.

ರಿಪ್ಪನ್‌ಪೇಟೆ
ಮಕ್ಕಳದ್ದೂ ಇದೆಯಾ? ಇದ್ದರೆ ವಯಸ್ಸು ಕೇಳಬೇಡಿ, ಎತ್ತರ ಕೇಳಿ. ಆರು ವರ್ಷದ ಇಬ್ಬರು ಮಕ್ಕಳಲ್ಲಿ ಒಂದು ಗೇಣು ಹೆಚ್ಚುಕಡಿಮೆ ಇರುತ್ತದೆ. ಲಂಗದ ಕೆಳಗೆ ಎರಡು ಮಡಿಕೆ ಹಾಕಿಸಿ, ಬೆಳೆದರೆ ಬಿಚ್ಚಬಹುದು.

ಗಾಜನೂರು ಗಾಳಿ
ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಎತ್ತರ ಕೇಳುತ್ತೇನೆ.

ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಕಣ ಸಾಲದಿದ್ದರೆ ತೋಳು ಗಿಡ್ಡ ಆದರೂ ಪರವಾಗಿಲ್ಲ, ಆದರೆ ಎಲ್ಲರದ್ದೂ ಹಾಗೇ ಇರಬೇಕು ಎಂದರು. ಅತ್ತಿಗೆಗೆ ಅದರಲ್ಲಿ ಒಪ್ಪಿಗೆ, ಪುಣೆಯವಳಿಗೆ ಇಲ್ಲ. ಗುರುವಾರ ಕಣ, ಅಳತೆ ಚೀಟಿ, ಬಂದ ಬ್ಲೌಸುಗಳು ಎಲ್ಲವನ್ನೂ ಒಟ್ಟಿಗೆ ಟೈಲರ್ ಹತ್ತಿರ ಒಯ್ಯುತ್ತೇನೆ. ಟಕ್ಸಿನ ತುದಿಯ ಅಳತೆ ಇನ್ನೂ ಇಬ್ಬರಿಂದ ಬರಬೇಕು.

ಸೂಜಿ ದಾರ
ಅವೆರಡು ಬರುವವರೆಗೆ ಆ ಇಬ್ಬರ ಕಣಕ್ಕೆ ಕತ್ತರಿ ಹಾಕಿಸಬೇಡಿ. ಉಳಿದವರದು ಶುರುವಾಗಲಿ. ಮೊದಲು ಅತ್ತಿಗೆಯದೊಂದನ್ನು ಹೊಲಿಸಿ ಹೈದರಾಬಾದಿಗೆ ಕಳಿಸಿ, ಅವರು ಹಾಕಿ ನೋಡಿ ಫೋಟೋ ಕಳಿಸಲಿ. ಅವರಿಗೆ ಕೂತರೆ ಅದೇ ರೀತಿ ಅಳೆದ ಬೇರೆಯವರದನ್ನೂ ಧೈರ್ಯವಾಗಿ ಕತ್ತರಿಸಬಹುದು.